30 ಸೆಕೆಂಡಿನ ವಿಡಿಯೋಗೆ ಎಷ್ಟು ಮಾತು ಹಿಡಿಸುತ್ತದೆ?

ಒಂದು ಪುಟ್ಟ ಪ್ರಚಾರದ ವಿಡಿಯೋ ಮಾಡಲು ಈಗ ದೊಡ್ಡ ಸ್ಟುಡಿಯೋ ಬೇಕಿಲ್ಲ. ಫೋನಿನಲ್ಲೇ ಶೂಟ್ ಮಾಡಿ, ಎಡಿಟ್ ಮಾಡಿ, ಅದರ ಮೇಲೆ ತಮ್ಮದೇ ಧ್ವನಿಯಲ್ಲಿ ನಾಲ್ಕು ಮಾತು ಸೇರಿಸುವವರು ಜಾಸ್ತಿಯಾಗಿದ್ದಾರೆ. ಹೀಗೆ ಚಿತ್ರದ ಮೇಲೆ ಸೇರಿಸುವ ಮಾತಿಗೆ ವಾಯ್ಸ್‌ಓವರ್ ಅಂತಾರೆ. ಎಲ್ಲ ಸರಿಯಾಗಿ ನಡೆದು ಕೊನೆಗೆ ಸಿಕ್ಕಿಬೀಳುವುದು ಒಂದೇ ಕಡೆ. ವಿಡಿಯೋ 30 ಸೆಕೆಂಡಿಗೆ ಮುಗಿಯುತ್ತದೆ, ಮಾತು ಇನ್ನೂ ಉಳಿದಿರುತ್ತದೆ. ಆಗ ಧ್ವನಿ ಕೊಟ್ಟವರಿಗೆ ‘ಸ್ವಲ್ಪ ಬೇಗ ಓದಿ’ ಅಂತ ಹೇಳುತ್ತೇವೆ. ಅವರು ಉಸಿರು ಕಟ್ಟಿ ಓದುತ್ತಾರೆ. ಕೇಳುವವರಿಗೆ ಒಂದೂ ನಿಲ್ಲುವುದಿಲ್ಲ.

ಇದು ಓದುವವರ ತಪ್ಪಲ್ಲ. ಸ್ಕ್ರಿಪ್ಟ್ ಬರೆಯುವಾಗಲೇ ಲೆಕ್ಕ ತಪ್ಪಿರುತ್ತದೆ. ಆ ಲೆಕ್ಕ ಮಾಡುವುದು ಹೇಗೆ ಅಂತ ಒಂದು 30 ಸೆಕೆಂಡಿನ ವಿಡಿಯೋವನ್ನೇ ಹಿಡಿದು ನೋಡೋಣ.

## ಪದ ಎಣಿಸಿದರೆ ಯಾಕೆ ತಪ್ಪುತ್ತದೆ

ಹುಡುಕಿದರೆ ಸುಲಭವಾಗಿ ಸಿಗುವ ಸೂತ್ರ ಒಂದಿದೆ: ನಿಮಿಷಕ್ಕೆ 150 ಪದ. ಅಂದರೆ ಸೆಕೆಂಡಿಗೆ ಎರಡೂವರೆ ಪದ, 30 ಸೆಕೆಂಡಿಗೆ 75. ಈ ಸೂತ್ರ ಇಂಗ್ಲಿಷಿನದು. ಅಲ್ಲಿ ಪದಗಳು ಚಿಕ್ಕವು, ಬಿಡಿಬಿಡಿಯಾಗಿ ನಿಲ್ಲುತ್ತವೆ. ಕನ್ನಡದಲ್ಲಿ ಹಾಗಲ್ಲ. ವಿಭಕ್ತಿ, ಕಾಲ, ನಿಷೇಧ ಎಲ್ಲವೂ ಪದಕ್ಕೇ ಅಂಟಿಕೊಳ್ಳುತ್ತವೆ. ‘ಬೇಡ’ ಅನ್ನುವುದೂ ಒಂದು ಪದ, ‘ಮಾಡಬೇಕಾಗಿರುವುದರಿಂದ’ ಅನ್ನುವುದೂ ಒಂದು ಪದ. ಮೊದಲನೆಯದರಲ್ಲಿ ಎರಡು ಅಕ್ಷರ, ಎರಡನೆಯದರಲ್ಲಿ ಹತ್ತು. ಪದ ಎಣಿಸಿ ಸಮಯ ಹೇಳುವುದು ಅಂದರೆ, ಬಟ್ಟೆ ಎಷ್ಟಿವೆ ಅಂತ ಎಣಿಸಿ ಪೆಟ್ಟಿಗೆಗೆ ಹಿಡಿಸುತ್ತದೋ ಇಲ್ಲವೋ ಹೇಳಿದ ಹಾಗೆ. ಕರವಸ್ತ್ರವೂ ಒಂದು, ಕಂಬಳಿಯೂ ಒಂದು.

ಕನ್ನಡಕ್ಕೆ ಪದಕ್ಕಿಂತ ಅಕ್ಷರದ ಲೆಕ್ಕವೇ ಸರಿ. ನಮ್ಮ ಲಿಪಿ ಇಲ್ಲಿ ದೊಡ್ಡ ಅನುಕೂಲ ಮಾಡಿಕೊಟ್ಟಿದೆ. ಬರೆದ ಒಂದು ಅಕ್ಷರ ಅಂದರೆ ಹೆಚ್ಚುಕಡಿಮೆ ಬಾಯಿಂದ ಬರುವ ಒಂದು ಉಚ್ಚಾರ. ಎಣಿಸುವುದಕ್ಕೆ ನಿಯಮವೂ ಸರಳ. ಒತ್ತಕ್ಷರವನ್ನು ಅದರ ಮೇಲಿನ ಅಕ್ಷರದ ಜೊತೆಗೇ ಸೇರಿಸಿ ಒಂದು ಅಂತ ಹಿಡಿಯಿರಿ. ಸೊನ್ನೆಯನ್ನು, ಅಂದರೆ ಅನುಸ್ವಾರವನ್ನು, ಬೇರೆ ಎಣಿಸಬೇಡಿ. ಕೊನೆಯಲ್ಲಿ ಬರುವ ಅರ್ಧಾಕ್ಷರವನ್ನೂ ಬಿಡಿ. ‘ಕತ್ತಲಲ್ಲಿ’ ಅಂದರೆ ಕ, ತ್ತ, ಲ, ಲ್ಲಿ: ನಾಲ್ಕು. ‘ಸೈಕಲ್’ ಅಂದರೆ ಸೈ, ಕಲ್: ಎರಡು.

## ಮೊದಲು ನಿಮ್ಮ ಧ್ವನಿಯ ವೇಗ ಅಳೆಯಿರಿ

ಇನ್ನು ಸೆಕೆಂಡಿಗೆ ಎಷ್ಟು ಅಕ್ಷರ ಅನ್ನುವ ಪ್ರಶ್ನೆ. ಸಮಾಧಾನವಾಗಿ, ಸ್ಪಷ್ಟವಾಗಿ ಓದುವಾಗ ಅದು 5ರಿಂದ 6ರ ಆಸುಪಾಸಿನಲ್ಲಿ ಇರುತ್ತದೆ ಅಂತ ಇಟ್ಟುಕೊಳ್ಳಬಹುದು. ಚುರುಕಾಗಿ ಓದಿದರೆ 7ರ ಹತ್ತಿರ ಹೋಗುತ್ತದೆ. ಆದರೆ ಇದನ್ನು ಸುಮ್ನೆ ನಂಬಿಕೊಂಡು ಕೂರಬೇಡಿ. ಒಬ್ಬೊಬ್ಬರ ಧ್ವನಿಗೂ ಒಂದೊಂದು ವೇಗ ಇರುತ್ತದೆ. ಒಬ್ಬರೇ ಔಷಧದ ಬಗ್ಗೆ ಓದುವಾಗ ಒಂದು ವೇಗ, ಆಟದ ಸಾಮಾನಿನ ಬಗ್ಗೆ ಓದುವಾಗ ಇನ್ನೊಂದು.

ಅಳೆಯುವುದು ಹೀಗೆ. ವಿಡಿಯೋಗೆ ಧ್ವನಿ ಕೊಡುವವರಿಂದಲೇ ಅದೇ ಧಾಟಿಯ ನಾಲ್ಕೈದು ವಾಕ್ಯ ಓದಿಸಿ, ರೆಕಾರ್ಡ್ ಮಾಡಿಕೊಳ್ಳಿ. ಯಾವುದಾದರೂ ಆಡಿಯೋ ಎಡಿಟರ್‌ನಲ್ಲಿ ತೆರೆದರೆ ಧ್ವನಿಯ ಅಲೆ ಕಾಣುತ್ತದೆ. ಒಂದು ವಾಕ್ಯದ ಶುರುವಿನಿಂದ ಕೊನೆಯವರೆಗೆ ಮಾತ್ರ ಸೆಲೆಕ್ಟ್ ಮಾಡಿದರೆ ಅದು ಎಷ್ಟು ಸೆಕೆಂಡ್ ಅಂತ ತೋರಿಸುತ್ತದೆ. ವಾಕ್ಯಗಳ ನಡುವಿನ ಮೌನವನ್ನು ಸೇರಿಸಬೇಡಿ, ಅದಕ್ಕೆ ಬೇರೆ ಲೆಕ್ಕ ಇದೆ. ಎಲ್ಲ ವಾಕ್ಯಗಳ ಅಕ್ಷರ ಕೂಡಿಸಿ, ಎಲ್ಲ ಸೆಕೆಂಡುಗಳಿಂದ ಭಾಗಿಸಿ. ನಮ್ಮ ಉದಾಹರಣೆಗೆ ಈ ಉತ್ತರ 5.5 ಬಂತು ಅಂತ ಹಿಡಿಯೋಣ.

ಒಂದು ಎಚ್ಚರಿಕೆ. ಮನಸ್ಸಿನಲ್ಲೇ ಓದಿಕೊಂಡು ಸಮಯ ನೋಡಬೇಡಿ. ಕಣ್ಣು ನಾಲಿಗೆಗಿಂತ ಬೇಗ ಓಡುತ್ತದೆ. ಪಿಸುಗುಟ್ಟಿ ಓದಿದರೂ ಸಾಲದು. ಮೈಕಿನ ಮುಂದೆ ಓದುವಷ್ಟೇ ಗಟ್ಟಿಯಾಗಿ, ಅದೇ ಭಾವದಲ್ಲಿ ಓದಿದಾಗ ಮಾತ್ರ ನಿಜವಾದ ಸಮಯ ಗೊತ್ತಾಗುವುದು.

## 30 ಸೆಕೆಂಡಿನಲ್ಲಿ ಮಾತಿಗೆ ಸಿಗುವುದು 30 ಅಲ್ಲ

ನಮ್ಮ ವಿಡಿಯೋ ಸೈಕಲ್ಲಿನ ಹಿಂಬದಿಗೆ ಹಾಕುವ ದೀಪದ ಬಗ್ಗೆ. ದೀಪಕ್ಕೆ ಸದ್ಯಕ್ಕೆ ‘ಮಿಣುಕು’ ಅಂತ ಹೆಸರಿಟ್ಟುಕೊಳ್ಳೋಣ. ಆರು ಶಾಟ್ ಇವೆ: ಕತ್ತಲ ರಸ್ತೆಯಲ್ಲಿ ಸೈಕಲ್ ಸವಾರ, ಸೀಟಿನ ಕೆಳಗೆ ದೀಪ ಸಿಕ್ಕಿಸುವ ಕೈ, ಪೆಡಲ್ ತುಳಿಯುತ್ತಲೇ ಹೊತ್ತಿಕೊಳ್ಳುವ ದೀಪ, ಬ್ರೇಕ್ ಒತ್ತಿದಾಗ ಪ್ರಖರವಾಗುವ ಬೆಳಕು, ಮಳೆ, ಕೊನೆಗೆ ಹೆಸರು ಮತ್ತು ಲೋಗೋ.

ಈಗ ಕಳೆಯುತ್ತಾ ಹೋಗಬೇಕು. ಮೊದಲ 1 ಸೆಕೆಂಡ್ ಚಿತ್ರಕ್ಕೆ ಬಿಡಿ. ನೋಡುವವರ ಕಣ್ಣು ಕತ್ತಲ ರಸ್ತೆಗೆ ಹೊಂದಿಕೊಳ್ಳುವ ಮೊದಲೇ ಮಾತು ಶುರುವಾದರೆ ಮೊದಲ ಪದ ಕಳೆದೇ ಹೋಗುತ್ತದೆ. ಕೊನೆಯ 2.5 ಸೆಕೆಂಡ್ ಲೋಗೋ ಮತ್ತು ಸಂಗೀತದ ಬಾಲಕ್ಕೆ. ಉಳಿದದ್ದು 26.5.

ಅದರಲ್ಲಿ ಬ್ರೇಕ್ ಒತ್ತಿದಾಗ ಬೆಳಕು ಭಗ್ ಅನ್ನುವ ಕ್ಷಣ ಇದೆಯಲ್ಲ, ಇಡೀ ವಿಡಿಯೋದ ಜೀವ ಅದೇ. ಅಲ್ಲಿ ಮಾತೇ ಬೇಡ. ಅದಕ್ಕೆ 2 ಸೆಕೆಂಡ್ ಮೌನ ತೆಗೆದಿಡಿ. ಉಳಿದದ್ದು 24.5. ವಾಕ್ಯ ಮುಗಿದಾಗ ನಿಲ್ಲುವುದು, ಅಲ್ಪವಿರಾಮದಲ್ಲಿ ಚೂರು ತಡೆಯುವುದು, ಉಸಿರು ಎಳೆದುಕೊಳ್ಳುವುದು ಎಲ್ಲಕ್ಕೂ ಸೇರಿ ಸುಮಾರು 4 ಸೆಕೆಂಡ್. ಪೂರ್ಣವಿರಾಮಕ್ಕೆ ಅರ್ಧ ಸೆಕೆಂಡಿನಷ್ಟು, ಅಲ್ಪವಿರಾಮಕ್ಕೆ ಕಾಲು ಸೆಕೆಂಡಿನಷ್ಟು ಅಂತ ಅಂದಾಜು ಮಾಡಿದರೆ ಈ ಲೆಕ್ಕ ಸಿಗುತ್ತದೆ.

ಕೊನೆಗೆ ಬಾಯಿ ನಿಜವಾಗಿ ಆಡುವ ಸಮಯ 20.5 ಸೆಕೆಂಡ್. ಅದನ್ನು 5.5ರಿಂದ ಗುಣಿಸಿದರೆ 112 ಅಕ್ಷರ. ಇದು ನಮ್ಮ ಮಿತಿ. ಇಷ್ಟು ಕಮ್ಮೀನಾ ಅನ್ನಿಸುತ್ತದೆ, ಅಲ್ವಾ? 75 ಪದದ ಸೂತ್ರ ನಂಬಿದ್ದರೆ ಏನಾಗುತ್ತಿತ್ತು ನೋಡಿ. ಪದಕ್ಕೆ ಸರಾಸರಿ ಮೂರೇ ಅಕ್ಷರ ಅಂತ ಹಿಡಿದರೂ 225 ಅಕ್ಷರ. ಅಂದರೆ 41 ಸೆಕೆಂಡಿನಷ್ಟು ಬರೀ ಮಾತು, ಉಸಿರಿಗೂ ಜಾಗ ಇಲ್ಲದೆ.

## ಒಂದು ಸಾಲನ್ನು ಇಳಿಸುವುದು

ಎರಡನೇ ಶಾಟ್‌ಗೆ 5 ಸೆಕೆಂಡ್ ಇದೆ. ಅದಕ್ಕೆ ಮೊದಲು ಬರೆದ ಸಾಲು ಹೀಗಿತ್ತು ಅಂದುಕೊಳ್ಳಿ:

‘ಇದನ್ನು ಅಳವಡಿಸಲು ಯಾವುದೇ ವಿಶೇಷ ಉಪಕರಣಗಳ ಅಗತ್ಯವಿಲ್ಲ, ಸೀಟಿನ ಕೆಳಭಾಗದಲ್ಲಿ ಸುಲಭವಾಗಿ ಜೋಡಿಸಬಹುದು.’

ಹತ್ತು ಪದ, 47 ಅಕ್ಷರ. ಸೆಕೆಂಡಿಗೆ 5.5ರಂತೆ ಓದಿದರೆ ಎಂಟೂವರೆ ಸೆಕೆಂಡ್. ಐದು ಸೆಕೆಂಡಿನ ಶಾಟ್‌ಗೆ ಇದು ಯಾವ ರೀತಿಯಲ್ಲೂ ಕೂರುವುದಿಲ್ಲ. ಈಗ ಇದನ್ನು ನೋಡಿ:

‘ಇದನ್ನು ಸೀಟಿನ ಕೆಳಗೆ ಸಿಕ್ಕಿಸಿ, ಸಾಕು. ಸ್ಪ್ಯಾನರ್ ಬೇಡ, ಸ್ಕ್ರೂ ಬೇಡ.’

ಒಂಬತ್ತು ಪದ, 21 ಅಕ್ಷರ, 3.8 ಸೆಕೆಂಡ್. ಪದದ ಲೆಕ್ಕದಲ್ಲಿ ಎರಡು ಸಾಲಿಗೂ ಒಂದೇ ಒಂದು ಪದದ ವ್ಯತ್ಯಾಸ. ಸಮಯದಲ್ಲಿ ಅರ್ಧಕ್ಕಿಂತ ಕೆಳಗೆ ಬಂತು. ಮೇಲಾಗಿ 1.2 ಸೆಕೆಂಡ್ ಉಳಿಯಿತು, ಅದು ನಡುವಿನ ವಿರಾಮಗಳಿಗೆ ಸರಿಹೋಗುತ್ತದೆ.

ಏನು ಬದಲಾಯಿತು? ‘ಅಳವಡಿಸು’, ‘ಉಪಕರಣ’, ‘ಅಗತ್ಯವಿಲ್ಲ’ ಇವು ಕಾಗದದ ಮಾತು. ಬಾಯಲ್ಲಿ ಹೇಳುವಾಗ ಯಾರೂ ಹಾಗೆ ಹೇಳುವುದಿಲ್ಲ. ‘ಯಾವುದೇ ವಿಶೇಷ’ ಅನ್ನುವುದು ಏನನ್ನೂ ಹೇಳುತ್ತಿರಲಿಲ್ಲ. ‘ಸುಲಭವಾಗಿ’ ಅನ್ನುವುದನ್ನು ಕೈ ತಾನೇ ತೋರಿಸುತ್ತಿದೆ, ಒಂದೇ ಏಟಿಗೆ ದೀಪ ಕೂತುಬಿಡುತ್ತದೆ. ಚಿತ್ರದಲ್ಲಿ ಕಾಣುವುದನ್ನು ಮಾತಿನಿಂದ ತೆಗೆಯುವುದೇ ಅಕ್ಷರ ಉಳಿಸುವ ಅತಿ ಒಳ್ಳೆಯ ದಾರಿ ಅಂತ ನನ್ನ ಅಭಿಪ್ರಾಯ. ಮೂರನೇ ಸಾಲಿನಲ್ಲೂ ಹಾಗೇ ಮಾಡಬಹುದು. ‘ಪೆಡಲ್ ತುಳಿದರೆ’ ಅಂತ ಇದ್ದದ್ದನ್ನು ಬರೀ ‘ತುಳಿದರೆ’ ಅಂದರೆ ಸಾಕು. ಪೆಡಲ್ ಮೇಲೆ ಕಾಲು ಪರದೆಯ ತುಂಬ ಕಾಣುತ್ತಿದೆ.

ಅಂಕಿಗಳ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಕಾಗದದ ಮೇಲೆ 1999 ಅನ್ನುವುದು ನಾಲ್ಕು ಗುರುತು. ಬಾಯಲ್ಲಿ ಅದು ‘ಸಾವಿರದ ಒಂಬೈನೂರ ತೊಂಬತ್ತೊಂಬತ್ತು’, ಹದಿಮೂರು ಅಕ್ಷರ, ಎರಡೂ ಕಾಲು ಸೆಕೆಂಡಿಗಿಂತ ಜಾಸ್ತಿ. ಹತ್ತು ಅಂಕಿಯ ಫೋನ್ ನಂಬರನ್ನು ಬಿಡಿಬಿಡಿಯಾಗಿ ಓದಿದರೆ ಕನಿಷ್ಠ ಇಪ್ಪತ್ತು ಅಕ್ಷರ, ನಡುವಿನ ತಡೆ ಸೇರಿದರೆ ಐದು ಸೆಕೆಂಡಿನ ಹತ್ತಿರ. ವಿಡಿಯೋದ ಆರನೇ ಒಂದು ಭಾಗ ಅದಕ್ಕೇ ಹೋಯಿತು. ಅಷ್ಟು ಮಾಡಿಯೂ ಕೇಳಿಸಿಕೊಂಡು ನೆನಪಿಡುವವರು ಯಾರು? ನಂಬರ್ ಪರದೆಯ ಮೇಲೆ ಬರಲಿ, ಮಾತಿನಲ್ಲಿ ಬೇಡ. ಸ್ಕ್ರಿಪ್ಟ್‌ನಲ್ಲಿ ಓದಲೇಬೇಕಾದ ಅಂಕಿ ಇದ್ದರೆ ಅದನ್ನು ಅಕ್ಷರದಲ್ಲೇ ಬಿಡಿಸಿ ಬರೆದು ಎಣಿಸಿ.

## ಪೂರ್ತಿ ಸ್ಕ್ರಿಪ್ಟ್, ಶಾಟ್ ಪ್ರಕಾರ

ಎಲ್ಲ ಸಾಲುಗಳನ್ನೂ ಹೀಗೆ ಇಳಿಸಿದ ಮೇಲೆ ಸ್ಕ್ರಿಪ್ಟ್ ಈ ರೂಪಕ್ಕೆ ಬಂತು. ಮುಂದೆ ಇರುವುದು ಶಾಟ್‌ನ ಸಮಯ, ಕೊನೆಯಲ್ಲಿ ಅಕ್ಷರ.

- 1ರಿಂದ 5: ಕತ್ತಲಲ್ಲಿ ಸೈಕಲ್ ಹೊರಟಾಗ, ಹಿಂದಿನವರಿಗೆ ನೀವು ಕಾಣ್ತೀರಾ? (21)
- 5ರಿಂದ 10: ಇದನ್ನು ಸೀಟಿನ ಕೆಳಗೆ ಸಿಕ್ಕಿಸಿ, ಸಾಕು. ಸ್ಪ್ಯಾನರ್ ಬೇಡ, ಸ್ಕ್ರೂ ಬೇಡ. (21)
- 10ರಿಂದ 14: ತುಳಿದರೆ ತಾನೇ ಉರಿಯುತ್ತದೆ, ಇಳಿದರೆ ಆರುತ್ತದೆ. (19)
- 14ರಿಂದ 19: ಬ್ರೇಕ್ ಒತ್ತಿದ ಕ್ಷಣ… (ಮೌನ) ಇಡೀ ರಸ್ತೆಗೆ ಗೊತ್ತಾಗುತ್ತದೆ. (16)
- 19ರಿಂದ 24: ಮಳೆಯಲ್ಲೂ ಕೆಡದು. ಒಮ್ಮೆ ಚಾರ್ಜ್ ಮಾಡಿದರೆ ವಾರವಿಡೀ ಬೆಳಕು. (21)
- 24ರಿಂದ 27.5: ಮಿಣುಕು. ನಿಮ್ಮ ಬೆನ್ನಿಗೊಂದು ಕಾವಲು. (12)

ಒಟ್ಟು 110 ಅಕ್ಷರ, ಸರಿಯಾಗಿ 20 ಸೆಕೆಂಡಿನ ಮಾತು. ಮಿತಿ 112. ಹಾಗಾದರೆ ಕೆಲಸ ಮುಗಿಯಿತು ಅನ್ನಬಹುದಾ? ಇಲ್ಲ. ಇಲ್ಲೇ ಜಾಸ್ತಿ ಜನ ಎಡವುವುದು.

ಮೊದಲ ಸಾಲು ನೋಡಿ. 21 ಅಕ್ಷರಕ್ಕೆ 3.8 ಸೆಕೆಂಡ್ ಬೇಕು, ಅದಕ್ಕೆ ಇರುವುದು 4. ನಡುವೆ ಒಂದು ಅಲ್ಪವಿರಾಮ ಬೇರೆ ಇದೆ, ಪ್ರಶ್ನೆ ಕೇಳಿದ ಮೇಲೆ ಅದು ಮನಸ್ಸಿಗೆ ಇಳಿಯಲು ಒಂದು ಗಳಿಗೆ ಬೇಕು. ಉಳಿದಿರುವುದು 0.2 ಸೆಕೆಂಡ್. ಹಾಗೇ ಬಿಟ್ಟರೆ ‘ಕಾಣ್ತೀರಾ’ ಅನ್ನುವ ಪದ ಎರಡನೇ ಶಾಟ್‌ನೊಳಗೆ ನುಗ್ಗುತ್ತದೆ. ಕೈ ದೀಪ ಸಿಕ್ಕಿಸುತ್ತಿರುತ್ತದೆ, ಧ್ವನಿ ಇನ್ನೂ ಕತ್ತಲಲ್ಲೇ ಇರುತ್ತದೆ. ಅದರಿಂದ ಎರಡನೇ ಸಾಲು ತಡವಾಗುತ್ತದೆ, ಅದು ಮೂರನೆಯದನ್ನು ತಳ್ಳುತ್ತದೆ. ಒಟ್ಟು ಲೆಕ್ಕ ಸರಿ ಇದ್ದರೂ ಬ್ರೇಕಿನ ಹೊತ್ತಿಗೆ ಮಾತು ಚಿತ್ರಕ್ಕಿಂತ ಹಿಂದೆ ಬಿದ್ದಿರುತ್ತದೆ. ಆದ್ದರಿಂದ ಪ್ರತಿ ಶಾಟ್‌ಗೂ ಬೇರೆಬೇರೆಯಾಗಿ ಎಣಿಸಬೇಕು.

ಈ ಸಾಲು ಬಿಗಿಯಾಗಿರುವುದಕ್ಕೆ ಇನ್ನೊಂದು ಕಾರಣವೂ ಇದೆ. ಶಾಲೆಯಲ್ಲಿ ಛಂದಸ್ಸಿನ ಪಾಠದಲ್ಲಿ ಲಘು, ಗುರು ಅಂತ ಓದಿದ್ದು ನೆನಪಿದೆಯಾ? ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ‘ಕೆಳಗೆ’ ಅನ್ನುವುದರಲ್ಲಿ ಮೂರೂ ಲಘು, ಮೂರು ಮಾತ್ರೆ. ‘ಕಾಣ್ತೀರಾ’ ಅನ್ನುವುದರಲ್ಲೂ ಮೂರೇ ಅಕ್ಷರ, ಆದರೆ ಮೂರೂ ಗುರು, ಆರು ಮಾತ್ರೆ. ಆಡುವ ಮಾತಿನಲ್ಲಿ ಗುರು ಲಘುವಿನ ಎರಡರಷ್ಟೇ ಸಮಯ ತೆಗೆದುಕೊಳ್ಳುತ್ತದೆ ಅಂತೇನಿಲ್ಲ, ಆದರೆ ಜಾಸ್ತಿ ತೆಗೆದುಕೊಳ್ಳುವುದಂತೂ ನಿಜ. ಪ್ರಶ್ನೆಯ ಕೊನೆಯ ‘ರಾ’ ಇನ್ನೂ ಎಳೆಯುತ್ತದೆ. ದೀರ್ಘ ಮತ್ತು ಒತ್ತು ತುಂಬಿದ ಸಾಲಿಗೆ ಅಕ್ಷರದ ಲೆಕ್ಕಕ್ಕಿಂತ ಚೂರು ಹೆಚ್ಚಿನ ಜಾಗ ಬಿಡುವುದು ಒಳ್ಳೆಯದು.

ಪರಿಹಾರ ಸುಲಭ. ‘ಸೈಕಲ್’ ತೆಗೆಯಿರಿ, ಅದು ಚಿತ್ರದಲ್ಲಿದೆ. ‘ಕತ್ತಲಲ್ಲಿ ಹೊರಟಾಗ, ಹಿಂದಿನವರಿಗೆ ನೀವು ಕಾಣ್ತೀರಾ?’ ಈಗ 19 ಅಕ್ಷರ, ಸುಮಾರು 3.5 ಸೆಕೆಂಡ್. ಅರ್ಧ ಸೆಕೆಂಡ್ ಸಿಕ್ಕಿತು. ಒಟ್ಟು 108ಕ್ಕೆ ಬಂತು.

ಇದಲ್ಲದೆ ಒಂದಿಷ್ಟು ಉಳಿತಾಯ ಸ್ಕ್ರಿಪ್ಟ್‌ನಲ್ಲೇ ಅಡಗಿದೆ. ‘ಉರಿಯುತ್ತದೆ’ ಐದು ಅಕ್ಷರ, ‘ಉರಿಯುತ್ತೆ’ ನಾಲ್ಕು. ‘ಆರುತ್ತದೆ’, ‘ಗೊತ್ತಾಗುತ್ತದೆ’ ಇವೂ ಹಾಗೇ. ಮೂರು ಅಕ್ಷರ ಉಳಿದರೆ ಅರ್ಧ ಸೆಕೆಂಡ್. ಸೈಕಲ್ ದೀಪದ ಜಾಹೀರಾತಿಗೆ ಆಡುಮಾತಿನ ಧಾಟಿ ಚೆನ್ನಾಗಿಯೇ ಒಪ್ಪುತ್ತದೆ. ಆದರೆ ಇದನ್ನು ಮೊದಲೇ ಖರ್ಚು ಮಾಡಬೇಡಿ. ರೆಕಾರ್ಡಿಂಗ್ ದಿನ ಸಮಯ ಮೀರಿದಾಗ ಕೈಗೆ ಬರಲಿ.

## ಚಿತ್ರ ಮೊದಲಾ, ಮಾತು ಮೊದಲಾ?

ಸಾಲಿಗೆ ಜಾಗ ಸಿಕ್ಕ ಮೇಲೆ ಅದು ಶಾಟ್‌ನೊಳಗೆ ಎಲ್ಲಿ ಶುರುವಾಗಬೇಕು ಅನ್ನುವುದೂ ಮುಖ್ಯ. ಶಾಟ್ ಬದಲಾದ ಅದೇ ಕ್ಷಣಕ್ಕೆ ಮಾತು ಶುರುವಾದರೆ ಯಾಂತ್ರಿಕವಾಗಿ ಕೇಳಿಸುತ್ತದೆ. ಹೊಸ ಚಿತ್ರ ಬಂದು ಕಾಲು ಸೆಕೆಂಡ್ ಆದ ಮೇಲೆ ಧ್ವನಿ ಬಂದರೆ ಸಹಜ. ಬ್ರೇಕಿನ ಸಾಲಿನಲ್ಲಿ ಮಾತ್ರ ಉಲ್ಟಾ. ಅಲ್ಲಿ ‘ಬ್ರೇಕ್ ಒತ್ತಿದ ಕ್ಷಣ’ ಅನ್ನುವುದು ಬೆರಳು ಬ್ರೇಕ್ ಮುಟ್ಟುವ ಮೊದಲೇ ಮುಗಿದಿರಬೇಕು. ಆ ಅರ್ಧ ವಾಕ್ಯವನ್ನು ಬೆಳಕು ಪೂರ್ತಿ ಮಾಡುತ್ತದೆ. ಆಮೇಲೆ ಎರಡು ಸೆಕೆಂಡ್ ಸುಮ್ಮನಿದ್ದು ಉಳಿದರ್ಧ ಹೇಳಿದರೆ ನೋಡುವವರು ಆಗಲೇ ಒಪ್ಪಿಕೊಂಡಿರುತ್ತಾರೆ.

ಇದನ್ನೆಲ್ಲ ಕಾಗದದ ಮೇಲೆ ತೀರ್ಮಾನ ಮಾಡುವುದು ಕಷ್ಟ. ಫೋನಿನಲ್ಲಿ ನಿಮ್ಮದೇ ಧ್ವನಿಯಲ್ಲಿ ಒಂದು ಕಚ್ಚಾ ರೆಕಾರ್ಡಿಂಗ್ ಮಾಡಿ ವಿಡಿಯೋದ ಟೈಮ್‌ಲೈನ್ ಮೇಲೆ ಇಟ್ಟು ನೋಡಿ. ಎಲ್ಲಿ ಮಾತು ಚಿತ್ರವನ್ನು ಮೀರುತ್ತದೆ ಅನ್ನುವುದು ಒಂದೇ ಸಲಕ್ಕೆ ಕಾಣುತ್ತದೆ. ಧ್ವನಿ ಕಲಾವಿದರನ್ನು ಕರೆಸುವ ಮೊದಲು ಇದನ್ನು ಮಾಡಿದರೆ ಅವರ ಸಮಯವೂ ಉಳಿಯುತ್ತದೆ.

## ರೆಕಾರ್ಡಿಂಗ್ ಆದ ಮೇಲೂ ಮೀರಿದರೆ

ಇಷ್ಟೆಲ್ಲ ಮಾಡಿದರೂ ರೆಕಾರ್ಡಿಂಗ್ ಸ್ವಲ್ಪ ಉದ್ದ ಬರಬಹುದು. 26.5 ಸೆಕೆಂಡಿಗೆ ಮುಗಿಯಬೇಕಾದದ್ದು 27.4 ಬಂತು ಅನ್ನಿ. ಮೊದಲು ಮೌನಗಳನ್ನು ನೋಡಿ. ಸಾಲುಗಳ ನಡುವೆ ಎಲ್ಲೋ ಮುಕ್ಕಾಲು ಸೆಕೆಂಡ್ ನಿಂತಿದ್ದರೆ ಅದನ್ನು ಅರ್ಧಕ್ಕೆ ಇಳಿಸಿ. ಮೂರ್ನಾಲ್ಕು ಕಡೆ ಹೀಗೆ ಮಾಡಿದರೆ ಬಹುಪಾಲು ಸರಿಹೋಗುತ್ತದೆ. ಉಸಿರಿನ ಸದ್ದನ್ನು ಮಾತ್ರ ಪೂರ್ತಿ ಕತ್ತರಿಸಬೇಡಿ. ಉಸಿರೇ ಇಲ್ಲದ ಧ್ವನಿ ಕೇಳುವವರಿಗೆ ಏನೋ ಕಸಿವಿಸಿ ತರುತ್ತದೆ.

ಅದರಿಂದಲೂ ಆಗದಿದ್ದರೆ ಧ್ವನಿಯ ವೇಗ ಹೆಚ್ಚಿಸಬಹುದು. ಇದರಲ್ಲಿ ಎರಡು ಬಗೆ ಇದೆ. ಒಂದರಲ್ಲಿ ವೇಗದ ಜೊತೆ ಧ್ವನಿಯ ಶ್ರುತಿಯೂ ಏರುತ್ತದೆ, ಗಂಟಲು ತೆಳ್ಳಗಾದ ಹಾಗೆ ಕೇಳಿಸುತ್ತದೆ. ಇನ್ನೊಂದರಲ್ಲಿ ಶ್ರುತಿ ಹಾಗೇ ಇದ್ದು ವೇಗ ಮಾತ್ರ ಬದಲಾಗುತ್ತದೆ. ನಮಗೆ ಬೇಕಾದದ್ದು ಎರಡನೆಯದು. Audacity ತಂತ್ರಾಂಶದಲ್ಲಿ ಇದಕ್ಕೆ Change Tempo ಅಂತ ಹೆಸರಿದೆ. ಎಷ್ಟು ಹೆಚ್ಚಿಸಬೇಕು ಅಂತ ತಿಳಿಯಲು ಬಂದ ಉದ್ದವನ್ನು ಬೇಕಾದ ಉದ್ದದಿಂದ ಭಾಗಿಸಿ: 27.4 ÷ 26.5 = 1.034. ffmpeg ಬಳಸುವವರು ಹೀಗೆ ಕೊಡಬಹುದು:

```
ffmpeg -i voice.wav -filter:a "atempo=1.034" voice_fit.wav
```

ಮೂರೂವರೆ ಶೇಕಡಾಕ್ಕಿಂತ ಕಡಿಮೆ ಆದ್ದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಶೇಕಡಾ 5ರವರೆಗೂ ಸಾಮಾನ್ಯವಾಗಿ ನಡೆಯುತ್ತದೆ. 10ರ ಹತ್ತಿರ ಹೋದರೆ ಕಿವಿ ಹಿಡಿದುಬಿಡುತ್ತದೆ. ‘ಸ’, ‘ಶ’ ಗಳು ಮಸುಕಾಗುತ್ತವೆ, ಒತ್ತಕ್ಷರಗಳು ಒಂದರೊಳಗೊಂದು ನುಗ್ಗುತ್ತವೆ. ಅಷ್ಟು ಬೇಕಾಗಿದೆ ಅಂದರೆ ಸ್ಕ್ರಿಪ್ಟ್‌ನಿಂದ ಒಂದು ಪದ ತೆಗೆದು ಆ ಸಾಲನ್ನು ಮತ್ತೆ ಓದಿಸುವುದೇ ಸರಿ. ಒಂದೆರಡು ಸಾಲು ಮಾತ್ರ ಮೀರಿದ್ದರೆ ಪೂರ್ತಿ ರೆಕಾರ್ಡಿಂಗಿಗೆ ಮಾಡಬೇಡಿ, ಆ ಸಾಲಿನ ಉದ್ದದಿಂದಲೇ ಇದೇ ಲೆಕ್ಕ ಹಾಕಿ ಅದಕ್ಕೆ ಮಾತ್ರ ಮಾಡಿ. ಪೂರ್ತಿಗೆ ಮಾಡಿದರೆ ಸರಿಯಾಗಿ ಕೂತಿದ್ದ ಸಾಲುಗಳೂ ಜಾಗ ಬಿಟ್ಟು ಮುಂದೆ ಸರಿಯುತ್ತವೆ.

ಮಾತು ಕಡಿಮೆ ಬಿದ್ದರೆ ಅದನ್ನು ನಿಧಾನ ಮಾಡಿ ಹಿಗ್ಗಿಸಬೇಡಿ. ಆ ಜಾಗ ಸಂಗೀತಕ್ಕೆ, ಸೈಕಲ್ಲಿನ ಚೈನಿನ ಸದ್ದಿಗೆ ಹೋಗಲಿ.

## ಫೈಲು ನಿಜವಾಗಿ 30 ಸೆಕೆಂಡ್ ಇದೆಯಾ?

ಕೊನೆಯದಾಗಿ ಒಂದು ಚಿಕ್ಕ ತಾಂತ್ರಿಕ ವಿಷಯ. ಟೈಮ್‌ಲೈನ್‌ನಲ್ಲಿ ಸರಿಯಾಗಿ 30 ಸೆಕೆಂಡ್ ಇದ್ದರೂ ಹೊರಬಂದ ಫೈಲು 30.02 ತೋರಿಸಬಹುದು. ಕಾರಣ ಧ್ವನಿಯೇ. MP4 ಫೈಲುಗಳಲ್ಲಿ ಸಾಮಾನ್ಯವಾಗಿ ಬಳಸುವ AAC ಬಗೆಯ ಆಡಿಯೋ 1024 ಸ್ಯಾಂಪಲ್‌ಗಳ ಕಟ್ಟುಗಳಾಗಿ ಕೂರುತ್ತದೆ. ಸೆಕೆಂಡಿಗೆ 48,000 ಸ್ಯಾಂಪಲ್ ಅಂದರೆ ಒಂದು ಕಟ್ಟಿಗೆ ಸುಮಾರು 0.021 ಸೆಕೆಂಡ್. ಕೊನೆಯ ಕಟ್ಟು ಅರ್ಧ ತುಂಬಿದ್ದರೂ ಪೂರ್ತಿ ಕಟ್ಟೇ ಹೋಗುತ್ತದೆ. ನೋಡುವವರಿಗೆ ಇದು ಗೊತ್ತಾಗುವುದಿಲ್ಲ, ಆದರೆ 30 ಸೆಕೆಂಡಿಗಿಂತ ಒಂದು ಚೂರೂ ಮೀರಬಾರದು ಅನ್ನುವ ಕಡೆ ಫೈಲು ತಿರಸ್ಕಾರವಾಗಬಹುದು. ಉದ್ದ ನೋಡಲು:

```
ffprobe -v error -show_entries format=duration -of default=nw=1:nk=1 promo.mp4
```

ಮೀರಿದ್ದರೆ ಟೈಮ್‌ಲೈನ್‌ನಲ್ಲಿ ಸಂಗೀತದ ಬಾಲವನ್ನು 29.9 ಸೆಕೆಂಡಿಗೇ ಮುಗಿಸಿ, ಇನ್ನೊಮ್ಮೆ ಎಕ್ಸ್‌ಪೋರ್ಟ್ ಮಾಡಿ. ಮಾತು 27.5ಕ್ಕೇ ಮುಗಿದಿರುವುದರಿಂದ ಅದನ್ನು ಮುಟ್ಟಬೇಕಾಗಿಲ್ಲ.